ಯಾವ ಎರಡಿಂಚು, ಗೌಡ್ರೆ?

ಮಾರ್ಚ್ ತಿಂಗಳು ಬಂತೆಂದರೆ ತೀರ್ಥಹಳ್ಳಿಯ ನಮ್ಮ ಪೈಪು, ಪಂಪಿನ ಅಂಗಡಿಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕಿವಿಗೆ ಬೀಳುವ ಮಾತು ಒಂದೇ: ಎರಡಿಂಚು. ಎರಡಿಂಚಿಗೆ ಒಂದು ಮೋಟಾರ್ ಕೊಡಿ. ಎರಡಿಂಚಿನ ಬೆಂಡ್ ಇದೆಯಾ? ನಮ್ಮ ಬೋರಿನಲ್ಲಿ ಎರಡಿಂಚು ಬಿತ್ತು ಮಾರಾಯ್ರೆ. ಇದರ ಮಧ್ಯೆ ಒಂದು ಬೇಸಿಗೆ ಮಳೆ ಬಂದು ಹೋದರೆ, ಹೊರಗೆ ಬೆಂಚಿನ ಮೇಲೆ ಕೂತ ಹಿರಿಯರು ಹೇಳುತ್ತಾರೆ: ನಿನ್ನೆ ನಮ್ಮಲ್ಲಿ ಎರಡಿಂಚು ಹೊಯ್ತು.

ನಾಲ್ಕೂ ಕಡೆ ಅದೇ ಪದ, ಅದೇ ಅಂಕಿ. ಆದರೆ ಒಂದು ಎರಡಿಂಚಿಗೂ ಇನ್ನೊಂದು ಎರಡಿಂಚಿಗೂ ಸಂಬಂಧವೇ ಇಲ್ಲ. ಇದನ್ನು ಸರಿಯಾಗಿ ಕೇಳಿಕೊಳ್ಳದೆ ಸಾಮಾನು ಕೊಟ್ಟರೆ ಮೋಟಾರ್ ಸುಡುತ್ತದೆ, ತೋಟ ಒಣಗುತ್ತದೆ. ಹಾಗಾಗಿ ಈ ಇಂಚು ಎಂಬ ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪೈಪಿನ ಇಂಚು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಎರಡಿಂಚು ಅಂದರೆ 50.8. ಈ ಲೆಕ್ಕದಲ್ಲಿ 50 ಮಿಲಿಮೀಟರ್ ಎಂದು ಬರೆದ ಪಿವಿಸಿ ಪೈಪು ಎರಡಿಂಚಿನದ್ದಾಗಬೇಕು, ಅಲ್ವಾ? ಅದು ಒಂದೂವರೆ ಇಂಚಿನ ಪೈಪು. ಅಂಗಡಿಯಲ್ಲಿ ಎರಡಿಂಚು ಎಂದು ಕೊಡುವ ಪಿವಿಸಿ ಪೈಪಿನ ಮೇಲೆ 63 ಎಂದು ಅಚ್ಚಾಗಿರುತ್ತದೆ. ಅದು ಪೈಪಿನ ಹೊರಗಿನ ಅಳತೆ. ಕ್ಯಾಲಿಪರ್ ಹಿಡಿದು ನೋಡಿದರೆ ಹೊರಗೆ 63, ಒಳಗೆ ಪೈಪಿನ ದಪ್ಪ ಕಳೆದು ಐವತ್ತೆಂಟೋ ಐವತ್ತೊಂಬತ್ತೋ ಇರುತ್ತದೆ. ಅದೇ ಎರಡಿಂಚಿನ ಜಿಐ ಪೈಪು ತಗೊಳ್ಳಿ, ಹೊರಗೆ ಸುಮಾರು 60, ಒಳಗೆ ಸುಮಾರು 53. ಎರಡಕ್ಕೂ ಎರಡಿಂಚು ಎಂದೇ ಹೆಸರು. ಆದರೆ ಹೊರಗಾಗಲಿ ಒಳಗಾಗಲಿ, 50.8 ಎಂಬ ಅಳತೆ ಎರಡರಲ್ಲೂ ಸಿಗುವುದಿಲ್ಲ.

ಅಂದರೆ ಪೈಪಿನ ಲೋಕದಲ್ಲಿ ಎರಡಿಂಚು ಎನ್ನುವುದು ಒಂದು ಹೆಸರು ಅಷ್ಟೆ. ಈ ಹೆಸರಿನ ಪೈಪಿಗೆ ಈ ಹೆಸರಿನ ಬೆಂಡು, ಈ ಹೆಸರಿನ ವಾಲ್ವು ಕೂರುತ್ತದೆ ಎಂದು ಹೇಳುವುದಕ್ಕೆ ಇಟ್ಟುಕೊಂಡ ಗುರುತು. ಅದೂ ಒಂದೇ ಜಾತಿಯ ಪೈಪಿನೊಳಗೆ ಮಾತ್ರ. ಎರಡಿಂಚಿನ ಜಿಐಗೆ ಎರಡಿಂಚಿನ ಪಿವಿಸಿ ನೇರವಾಗಿ ಕೂರುವುದಿಲ್ಲ, ನಡುವೆ ಥ್ರೆಡ್ ಇರುವ ತುಂಡೊಂದು ಬೇಕು. ಮನೆಯಲ್ಲಿ ಟೇಪು ಹಿಡಿದು ಅಳೆದು ಬಂದವರು "ಎರಡು ಇಂಚು ಸರಿಯಾಗಿ ಇದೆ" ಅಂದರೆ ನಾನು ಖಂಡಿತ ಒಂದು ಮಾತು ಕೇಳುತ್ತೇನೆ: ಪೈಪಿನ ಮೇಲೆ ಎಷ್ಟು ಅಂತ ಬರೆದಿದೆ? ಯಾಕೆಂದರೆ ಟೇಪಿನಲ್ಲಿ ಹೊರಗೆ ಎರಡಿಂಚು ಬಂದ ಪಿವಿಸಿ ಪೈಪು 50ರ ಪೈಪು. ಅವರಿಗೆ ಬೇಕಾಗಿರುವುದು ಒಂದೂವರೆ ಇಂಚಿನ ಬೆಂಡು.

ಇದು ತಪ್ಪಿದರೆ ಹೆಚ್ಚೆಂದರೆ ಒಂದು ಬಸ್ ಚಾರ್ಜು ದಂಡ. ವಾಪಸ್ ಬಂದು ಬದಲಾಯಿಸಿಕೊಂಡು ಹೋಗುತ್ತಾರೆ. ನಿಜವಾದ ತೊಂದರೆ ಇರುವುದು ಬೋರಿನ ಇಂಚಿನಲ್ಲಿ.

ಬೋರ್ ಕೊರೆಯುವಾಗ ನೀರು ಸಿಕ್ಕಿದ ಮೇಲೆ ಲಾರಿಯವರು ಕಂಪ್ರೆಸರ್ ಗಾಳಿ ಬಿಟ್ಟು ನೀರನ್ನು ಮೇಲಕ್ಕೆ ಹಾರಿಸುತ್ತಾರೆ. ಆ ನೀರು ಕೆಸರಿನ ಕಾಲುವೆಯಲ್ಲಿ ಹರಿದು ಹೋಗುತ್ತದೆ. ಕಾಲುವೆಗೆ ಅಡ್ಡವಾಗಿ ಒಂದು ಕಬ್ಬಿಣದ ತಗಡು ನಿಲ್ಲಿಸುತ್ತಾರೆ. ತಗಡಿನ ಮೇಲಂಚಿನಿಂದ ಕೆಳಕ್ಕೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕತ್ತರಿಸಿದ ಕಂಡಿ ಇರುತ್ತದೆ. ಸಾಮಾನ್ಯವಾಗಿ ಅದರ ಕೋನ 90 ಡಿಗ್ರಿ. ಇದಕ್ಕೆ ವಿ-ನಾಚ್ ಅನ್ನುತ್ತಾರೆ. ಹಿಂದೆ ನಿಂತ ನೀರು ಈ ಕಂಡಿಯಿಂದ ಮಾತ್ರ ಆಚೆ ಬೀಳಬೇಕು. ಕಂಡಿಯ ತಳದ ಚೂಪು ತುದಿಯಿಂದ ನೀರಿನ ಮಟ್ಟ ಎಷ್ಟು ಎತ್ತರ ಇದೆಯೋ ಅದೇ ಬೋರಿನ ಇಂಚು.

ಇಲ್ಲಿ ಅಳೆದದ್ದು ಎತ್ತರ. ಆದರೆ ಆ ಎತ್ತರ ತಿಳಿಸುವುದು ಗಂಟೆಗೆ ಎಷ್ಟು ನೀರು ಎಂಬುದನ್ನು. ಎತ್ತರದಿಂದ ಲೀಟರಿಗೆ ಹೋಗುವ ದಾರಿ ನೇರ ಇಲ್ಲ. ಎರಡಿಂಚು ಅಂದರೆ ಒಂದಿಂಚಿನ ಎರಡು ಪಟ್ಟು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 90 ಡಿಗ್ರಿ ಕಂಡಿಯಲ್ಲಿ ಒಂದಿಂಚು ನೀರು ಅಂದರೆ ಗಂಟೆಗೆ ಸುಮಾರು 510 ಲೀಟರ್. ಎರಡಿಂಚು ಅಂದರೆ ಸುಮಾರು 2,900 ಲೀಟರ್. ಮೂರಿಂಚು ಅಂದರೆ ಸುಮಾರು 8,000 ಲೀಟರ್.

ಯಾಕೆ ಹೀಗೆ? ಕಂಡಿಯ ಆಕಾರ ನೆನಪಿಸಿಕೊಳ್ಳಿ. ಕೆಳಗೆ ಚೂಪು, ಮೇಲೆ ಹೋದ ಹಾಗೆ ಅಗಲ. ನೀರಿನ ಎತ್ತರ ಎರಡು ಪಟ್ಟಾದರೆ ಮೇಲಿನ ಅಗಲವೂ ಎರಡು ಪಟ್ಟಾಗುತ್ತದೆ. ಎತ್ತರ ಎರಡು, ಅಗಲ ಎರಡು, ಸೇರಿ ನೀರು ಹಾಯುವ ಜಾಗ ನಾಲ್ಕು ಪಟ್ಟು. ಇದರ ಜೊತೆ, ಎತ್ತರ ಜಾಸ್ತಿಯಾದಂತೆ ನೀರು ನುಗ್ಗುವ ವೇಗವೂ ಜಾಸ್ತಿ. ಅದು ಸುಮಾರು 1.4 ಪಟ್ಟಾಗುತ್ತದೆ. ನಾಲ್ಕನ್ನು 1.4ರಿಂದ ಗುಣಿಸಿದರೆ ಐದೂವರೆ ದಾಟಿತು. ಹಾಗಾಗಿ ಒಂದಿಂಚಿನ ಐದು ಬೋರುಗಳ ನೀರನ್ನು ಒಟ್ಟು ಮಾಡಿದರೂ ಎರಡಿಂಚಿನ ಒಂದು ಬೋರಿಗೆ ಸಾಟಿಯಾಗುವುದಿಲ್ಲ.

ಇದೇ ಕಾರಣಕ್ಕೆ ಅರ್ಧ ಇಂಚು ಆಚೀಚೆ ಓದಿದರೂ ಲೆಕ್ಕ ಬುಡಮೇಲಾಗುತ್ತದೆ. ಒಂದೂವರೆ ಇಂಚು ಅಂದರೆ ಗಂಟೆಗೆ ಸುಮಾರು 1,400 ಲೀಟರ್. ಅದನ್ನು ಯಾರೋ ಎರಡಿಂಚು ಎಂದು ಓದಿಬಿಟ್ಟರೆ ಇಲ್ಲದ 1,500 ಲೀಟರ್ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಕಂಪ್ರೆಸರ್ ಗಾಳಿಗೆ ನೀರು ಒಂದೇ ಸಮ ಬರುವುದಿಲ್ಲ, ಉಕ್ಕಿ ಉಕ್ಕಿ ಬರುತ್ತದೆ. ಉಕ್ಕಿದಾಗ ಓದಿದರೆ ಒಂದು ಅಂಕಿ, ಇಳಿದಾಗ ಓದಿದರೆ ಇನ್ನೊಂದು. ಕಂಡಿಯ ಬಾಯಲ್ಲೇ ಸ್ಕೇಲ್ ಇಟ್ಟರೆ ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ, ಅಂಕಿ ಕಡಿಮೆ ತೋರಿಸುತ್ತದೆ. ಸ್ವಲ್ಪ ಹಿಂದೆ, ನೀರು ತೆಪ್ಪಗೆ ನಿಂತ ಜಾಗದಲ್ಲಿ ಅಳೆಯಬೇಕು. ಇನ್ನು ತಗಡೇ ಇಲ್ಲದೆ, ಹರಿಯುವ ನೀರು ನೋಡಿ "ಎರಡಿಂಚು ಇದೆ ಬಿಡಿ" ಎಂದು ಹೇಳಿ ಹೋದದ್ದೂ ಉಂಟು.

ನನ್ನಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಅಂಗಡಿ ಹಾಕಿದ ಹೊಸತು. ಹೊಸನಗರದ ಕಡೆಯ ಒಬ್ಬರು ಬಂದು "ಬೋರಲ್ಲಿ ಎರಡಿಂಚು ನೀರಿದೆ, ಎರಡಿಂಚು ಮೋಟಾರ್ ಕೊಡಿ" ಅಂದರು. ನಾನು ನೀರು ಹೊರಬರುವ ಬಾಯಿ ಎರಡಿಂಚು ಇರುವ ಸಬ್‌ಮರ್ಸಿಬಲ್ ಕೊಟ್ಟೆ. ಆ ಬೋರಿನ ಆಳಕ್ಕೆ ಅದು ಗಂಟೆಗೆ ಎಂಟು ಸಾವಿರ ಲೀಟರ್ ಎತ್ತುವ ಪಂಪು. ಎರಡಿಂಚಿನ ಪೈಪಿಗೆ ಅದು ಭಾರವೇ ಅಲ್ಲ. 63ರ ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿದರೂ ಗಂಟೆಗೆ ಸುಮಾರು 10,000 ಲೀಟರ್ ಹೋಗುತ್ತದೆ. ಪಂಪಿಗೂ ಪೈಪಿಗೂ ಜೋಡಿ ಸರಿಯಾಗಿತ್ತು. ಬೋರು ಮಾತ್ರ ಗಂಟೆಗೆ ಮೂರು ಸಾವಿರವೂ ಕೊಡುವಂತಿರಲಿಲ್ಲ.

ಮೊದಲ ದಿನ ಅವರು ಫೋನ್ ಮಾಡಿ ತುಂಬ ಖುಷಿಯಲ್ಲಿ ಮಾತಾಡಿದರು. ಪೈಪು ತುಂಬ ನೀರು ಅಂದರು. ಅದು ಸುಳ್ಳಲ್ಲ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ಸುಮಾರು ಆರೂವರೆ ಲೀಟರ್ ನೀರು ನಿಂತಿರುತ್ತದೆ. ಪಂಪಿನ ಮೇಲೆ 150 ಅಡಿ ನೀರು ನಿಂತಿದ್ದರೆ ಸಾವಿರ ಲೀಟರಿಗೆ ಹತ್ತಿರ. ಎಂಟು ಸಾವಿರ ಎತ್ತುವ ಪಂಪು, ಮೂರು ಸಾವಿರ ಒಸರುವ ಬೋರು. ನಡುವಿನ ಐದು ಸಾವಿರವನ್ನು ಈ ನಿಂತ ನೀರೇ ತುಂಬಬೇಕು. ಅದು ಹತ್ತು ಹನ್ನೆರಡು ನಿಮಿಷಕ್ಕೆ ಖಾಲಿ. ಆಮೇಲೆ ನೀರಿನ ಜೊತೆ ಗಾಳಿ ಬರುತ್ತದೆ, ಪೈಪಿನ ಬಾಯಿ ಸೀನಿದ ಹಾಗೆ ಮಾಡುತ್ತದೆ, ಪ್ಯಾನಲ್ ಬೋರ್ಡಿನ ಆಂಪಿಯರ್ ಮುಳ್ಳು ಕೆಳಗಿಳಿದು ಅಲುಗಾಡುತ್ತದೆ. ನೀರು ಕೆಂಪಗೆ, ಮರಳು ಮರಳಾಗಿ ಬರುವುದೂ ಇದೆ. ಅವರು ಮೋಟಾರ್ ಹಾಕಿ ತೋಟಕ್ಕೆ ಹೋಗುತ್ತಿದ್ದರು, ಇದ್ಯಾವುದನ್ನೂ ನೋಡಲಿಲ್ಲ. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ನೀರಿಲ್ಲದೆ ತಿರುಗಿದರೆ ಒಳಗಿನ ಬುಷ್ ಸವೆಯುತ್ತದೆ, ವೈಂಡಿಂಗ್ ಸುಡುತ್ತದೆ. ಇಪ್ಪತ್ತು ದಿನದಲ್ಲಿ ಮೋಟಾರ್ ಹೋಯಿತು. ಅಷ್ಟು ಉದ್ದ ಪೈಪು ಮೇಲೆತ್ತುವ ಕೂಲಿ ಬೇರೆ. ಅವರು ಹೇಳಿದ ಎರಡೂ ಮಾತು ನಿಜವಾಗಿತ್ತು. ಬೋರಿನ ಎರಡಿಂಚನ್ನು ಪೈಪಿನ ಎರಡಿಂಚಿಗೆ ಕಟ್ಟಿದ್ದು ನಾನು. ಆ ಬೇಸಿಗೆ ಅವರ ಸಣ್ಣ ಸಸಿಗಳು ಬಾಡಿದ್ದು ಈಗಲೂ ನನಗೆ ನೆನಪಿದೆ.

ಈ ಗೊಂದಲ ನಮ್ಮೂರಿನದ್ದು ಮಾತ್ರ ಅಲ್ಲ. ಅಮೆರಿಕದ ಪಶ್ಚಿಮ ಭಾಗದಲ್ಲಿ ಚಿನ್ನದ ಗಣಿಯವರು ನೀರನ್ನು ಇಂಚಿನಲ್ಲೇ ಮಾರುತ್ತಿದ್ದರು. ಹಲಗೆಯಲ್ಲಿ ಒಂದು ಚದರ ಇಂಚಿನ ತೂತು, ಅದರಿಂದ ಹರಿದಷ್ಟು ನೀರು ಒಂದು ಇಂಚು. ತೂತಿನ ಮೇಲೆ ನೀರು ಎಷ್ಟು ಎತ್ತರ ನಿಂತಿರಬೇಕು ಎಂಬುದು ಊರಿಗೊಂದು ಥರ ಇತ್ತು, ಹಾಗಾಗಿ ಇಂಚೂ ಊರಿಗೊಂದು ಥರ. ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲಿ ಕಾನೂನು ಮಾಡಿ, ಒಂದು ಇಂಚು ಅಂದರೆ ನಿಮಿಷಕ್ಕೆ ಒಂದೂವರೆ ಘನ ಅಡಿ ಎಂದು ಗೊತ್ತು ಮಾಡಿದರು. ಅದು ನಿಮಿಷಕ್ಕೆ 42 ಲೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ವಿ-ನಾಚಿನ ಒಂದಿಂಚು ನಿಮಿಷಕ್ಕೆ ಎಂಟೂವರೆ ಲೀಟರ್. ಪದ ಒಂದೇ ಆದರೂ ಐದು ಪಟ್ಟು ವ್ಯತ್ಯಾಸ.

ಮಳೆಯ ಇಂಚು ಇವೆರಡಕ್ಕಿಂತ ಸುಲಭ. ಬಿದ್ದ ಮಳೆ ಹರಿಯದೆ, ಇಂಗದೆ ನೆಲದ ಮೇಲೆ ಹಾಗೇ ನಿಂತಿದ್ದರೆ ಎಷ್ಟು ಎತ್ತರ ಆಗುತ್ತಿತ್ತೋ ಅಷ್ಟು. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ, ದಿನದ ಲೆಕ್ಕ ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ. ನಮ್ಮ ಹಿರಿಯರು ಇನ್ನೂ ಇಂಚಿನಲ್ಲೇ ಬರೆದಿಡುತ್ತಾರೆ. ಕಾಫಿ ತೋಟದವರು ಒಂದು ಇಂಚನ್ನು ನೂರು ಸೆಂಟು ಮಾಡಿ "ಎಪ್ಪತ್ತು ಸೆಂಟು ಮಳೆ" ಅನ್ನುತ್ತಾರೆ. ಘಟ್ಟದ ಕೆಳಗಿನ ನೆಂಟರಿಗೆ ಸೆಂಟು ಅಂದರೆ ಜಾಗದ ಅಳತೆ, ಅಲ್ಲಿ ಇನ್ನೊಂದು ಗೊಂದಲ ಶುರು.

ಮಳೆಯ ಇಂಚಿನಲ್ಲಿ ತಪ್ಪುವುದು ಅದರ ಗಾತ್ರ ಊಹಿಸುವುದರಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಇಂಚಿನಲ್ಲಿ 275 ದಾಟುತ್ತದೆ. ಅದರ ಪಕ್ಕದಲ್ಲೇ ಬದುಕುವ ನಮಗೆ ಒಂದಿಂಚು ಅಂದರೆ ಏನೂ ಅಲ್ಲ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಜಾಗದ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 2,570 ಲೀಟರ್. ಒಂದು ಎಕರೆಗೆ ಒಂದು ಲಕ್ಷ ಲೀಟರ್ ದಾಟುತ್ತದೆ. ಎರಡಿಂಚಿನ ಬೋರು ಅಷ್ಟು ನೀರು ಕೊಡಬೇಕಾದರೆ ಬಿಡದೆ 35 ಗಂಟೆಗೂ ಮೇಲೆ ಓಡಬೇಕು. ಅಂದಹಾಗೆ, ಮಳೆ ಅಳೆಯಲು ಅಂಗಳದಲ್ಲಿ ಬಕೆಟ್ ಇಡುವವರು ಗಮನಿಸಿ: ಬಾಯಿ ಅಗಲ, ತಳ ಸಣ್ಣ ಇರುವ ಬಕೆಟ್ ಇದ್ದದ್ದಕ್ಕಿಂತ ಜಾಸ್ತಿ ಮಳೆ ತೋರಿಸುತ್ತದೆ. ಮೇಲಿಂದ ಕೆಳಗೆ ಒಂದೇ ಅಗಲ ಇರುವ ಡಬ್ಬ ಬೇಕು.

ಹಾಗಾದರೆ ಬಂದವರು ಯಾವ ಇಂಚು ಹೇಳುತ್ತಿದ್ದಾರೆ ಎಂದು ತಿಳಿಯುವುದು ಹೇಗೆ? ಇಷ್ಟು ವರ್ಷ ಕೇಳಿಸಿಕೊಂಡು ನನಗೆ ಗೊತ್ತಾಗಿದ್ದು ಇದು: ಇಂಚಿನ ಪಕ್ಕದ ಕ್ರಿಯಾಪದ ನೋಡಬೇಕು. ಮಳೆಯಾದರೆ ಎರಡಿಂಚು "ಹೊಯ್ತು" ಅನ್ನುತ್ತಾರೆ. ಬೋರಾದರೆ "ಬಿತ್ತು" ಅಥವಾ "ಸಿಕ್ತು". ಪೈಪಾದರೆ "ಹಾಕಿದೀವಿ", "ಎಳ್ದಿದೀವಿ". ಹತ್ತರಲ್ಲಿ ಎಂಟು ಸಲ ಇದರಲ್ಲೇ ತಿಳಿಯುತ್ತದೆ. ಮುರಿದ ಬೆಂಡನ್ನು ಕೈಯಲ್ಲಿ ಹಿಡಿದು ಬಂದವರನ್ನು ನಾನು ಏನೂ ಕೇಳುವುದಿಲ್ಲ, ಅದನ್ನೇ ನೋಡಿ ಕೊಡುತ್ತೇನೆ. ಗೊತ್ತಿರುವುದನ್ನೇ ಮತ್ತೆ ಮತ್ತೆ ಕೇಳಿದರೆ ಯಾರಿಗಾದರೂ ಬೇಜಾರಾಗುತ್ತದೆ.

ಕೇಳಲೇಬೇಕಾದ ಮಾತು ಒಂದಿದೆ: "ಎರಡಿಂಚು ನೀರು ಬರ್ತಿದೆ." ಇದು ಬೋರಿನ ಮಾತಾಗಿರಬಹುದು. ಅಬ್ಬಿ ನೀರಿನ ಮಾತೂ ಆಗಿರಬಹುದು. ನಮ್ಮ ಕಡೆ ಗುಡ್ಡದ ಮೇಲಿನ ಹಳ್ಳದಿಂದ ಪೈಪು ಎಳೆದು, ಮೋಟಾರ್ ಇಲ್ಲದೆ ಇಳಿಜಾರಿನಲ್ಲೇ ಮನೆಗೆ ನೀರು ತರುತ್ತಾರೆ. ಅಂಥವರು ಎರಡಿಂಚು ನೀರು ಬರುತ್ತಿದೆ ಎಂದರೆ ಎರಡಿಂಚಿನ ಪೈಪು ತುಂಬಿ ಬರುತ್ತಿದೆ ಎಂದರ್ಥ. ಅದು ಬೋರಿನ ಎರಡಿಂಚಿನ ಮೂರು ನಾಲ್ಕು ಪಟ್ಟು ಇದ್ದರೂ ಇರಬಹುದು.

ಇಲ್ಲಿ ಕೇಳುವ ರೀತಿಯೂ ಮುಖ್ಯ. "ಯಾವ ಅರ್ಥದಲ್ಲಿ ಹೇಳ್ತಿದೀರಿ?" ಎಂದರೆ ಎದುರಿನವರಿಗೆ ಪ್ರಶ್ನೆಯೇ ಹಿಡಿಯುವುದಿಲ್ಲ. ಅವರಿಗೆ ಅರ್ಥ ಒಂದೇ, ಅವರ ಮನೆಯದ್ದು. "ಸರಿಯಾಗಿ ಎರಡಿಂಚಾ?" ಎಂದು ಕೇಳಿದರೆ ಹೌದು ಅನ್ನುತ್ತಾರೆ, ನಾನು ಇದ್ದಲ್ಲೇ ಇರುತ್ತೇನೆ. ಅದಕ್ಕೆ ನಾನು ವಸ್ತು ಹಿಡಿದು ಕೇಳುತ್ತೇನೆ. ಬೋರ್ ಲಾರಿಯವರು ತಗಡು ಇಟ್ಟು ಹೇಳಿದ್ದಾ, ಇಲ್ಲ ನಿಮ್ಮ ಪೈಪು ಎರಡಿಂಚಿಂದಾ? ಎರಡನ್ನೂ ಎದುರಿಗಿಟ್ಟರೆ ಯಾರೂ ತಪ್ಪು ಹೇಳುವುದಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ: ಇನ್ನೂರು ಲೀಟರಿನ ಡ್ರಮ್ಮು ಎಷ್ಟು ಹೊತ್ತಿಗೆ ತುಂಬುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಇಂಚಿನ ಸಹವಾಸವೇ ಬೇಡ. ಬೋರಿನ ಒಂದಿಂಚಿಗೆ ಡ್ರಮ್ಮು ತುಂಬಲು 23 ನಿಮಿಷ ಬೇಕು. ಎರಡಿಂಚಿಗೆ ನಾಲ್ಕು ನಿಮಿಷದ ಮೇಲೆ ಸ್ವಲ್ಪ. ಮೂರಿಂಚಿಗೆ ಒಂದೂವರೆ ನಿಮಿಷ.

ಈ ಮಾರ್ಚಿನಲ್ಲಿ ಒಬ್ಬರು ಗೌಡರು ಬಂದಿದ್ದರು. ಕೋಣಂದೂರು ಕಡೆಯವರು, ಒಂದು ಎಕರೆ ಅಡಿಕೆ. "ಎರಡಿಂಚಿಗೆ ಎಂತೆಂತ ಬೇಕೋ ಎಲ್ಲ ಕಟ್ಟಿ ಕೊಡಿ" ಅಂದರು.

"ಯಾವ ಎರಡಿಂಚು, ಗೌಡ್ರೆ? ಬೋರಿಂದಾ, ಪೈಪಿಂದಾ?"

"ಬೋರಿಂದೇ. ಮಳೆಗಾಲ ಮುಗಿದ ಮೇಲೆ ಹೊಡೆಸಿದ್ದು. ಅವ್ರೇ ಹೇಳಿ ಹೋಗಿದ್ದು."

"ತಗಡು ಇಟ್ಟು ನೋಡಿದ್ರಾ?"

ಗೌಡರು ಸ್ವಲ್ಪ ಯೋಚಿಸಿದರು. "ತಗಡು ಇತ್ತು. ನಾನು ಹತ್ರ ಹೋಗಿ ನೋಡ್ಲಿಲ್ಲ."

ನನ್ನ ಹತ್ತಿರ ಪರೀಕ್ಷೆಗೆಂದೇ ಒಂದು ಹಳೆಯ ಪಂಪು ಇದೆ. ಅದನ್ನು ಇಳಿಸಿ, ಪೈಪಿನ ಬಾಯಿಗೆ ವಾಲ್ವು ಹಾಕಿ ಓಡಿಸಿದೆವು. ಮೊದಲ ಹತ್ತು ನಿಮಿಷದ ನೀರು ಲೆಕ್ಕಕ್ಕಿಲ್ಲ, ಅದು ನಿಂತ ನೀರು. ಒಂದೂವರೆ ಗಂಟೆ ಬಿಟ್ಟೆವು. ಗಾಳಿ ಬಂದಾಗೆಲ್ಲ ವಾಲ್ವು ಸ್ವಲ್ಪ ಬಿಗಿ ಮಾಡುತ್ತ ಹೋಗಿ, ಗಾಳಿ ಇಲ್ಲದೆ ಆಂಪಿಯರ್ ಮುಳ್ಳು ಒಂದೇ ಕಡೆ ನಿಲ್ಲುವ ಜಾಗಕ್ಕೆ ತಂದೆವು. ಆಗ ಡ್ರಮ್ಮಿಗೆ ಹಿಡಿದೆವು. ಗೌಡರ ಮಗ ಮೊಬೈಲಿನಲ್ಲಿ ಹೊತ್ತು ನೋಡಿದ. ನಾಲ್ಕು ನಿಮಿಷ ನಲವತ್ತು ಸೆಕೆಂಡು. ಅಂದರೆ 280 ಸೆಕೆಂಡು. ಇನ್ನೂರು ಲೀಟರನ್ನು ಗಂಟೆಯ 3,600 ಸೆಕೆಂಡಿನಿಂದ ಗುಣಿಸಿದರೆ 7,20,000; ಅದನ್ನು ಡ್ರಮ್ಮು ತುಂಬಿದ ಸೆಕೆಂಡಿನಿಂದ ಭಾಗಿಸಿದರೆ ಗಂಟೆಯ ಲೀಟರ್ ಸಿಗುತ್ತದೆ, ಡ್ರಮ್ಮು ಇನ್ನೂರರದ್ದಾದರೆ. 2,570 ಬಂತು. ಲಾರಿಯವರು ಹೇಳಿದ ಎರಡಿಂಚಿಗಿಂತ ಸ್ವಲ್ಪ ಕಡಿಮೆ, ತೀರಾ ತಪ್ಪೇನಲ್ಲ.

ಏಪ್ರಿಲ್ ಕೊನೆಗೆ ಇದು ಇನ್ನೂ ಇಳಿಯುತ್ತದೆ. ಅದಕ್ಕೆ ಎರಡು ಸಾವಿರಕ್ಕೆ ಲೆಕ್ಕ ಹಿಡಿದೆವು. ಎಕರೆಗೆ 550 ಅಡಿಕೆ ಮರ, ಹನಿ ನೀರಾವರಿಯಲ್ಲಿ ಬೇಸಿಗೆಗೆ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಇಟ್ಟುಕೊಂಡರೆ 11,000 ಲೀಟರ್. ಗಂಟೆಗೆ ಎರಡು ಸಾವಿರದಂತೆ ಐದೂವರೆ ಗಂಟೆ. ಗೌಡರ ಮನೆಗೆ ತ್ರೀ ಫೇಸ್ ಕರೆಂಟ್ ಇರುವ ಹೊತ್ತಿನೊಳಗೆ ಮುಗಿಯುತ್ತದೆ. ಆ ಆಳಕ್ಕೆ ಎರಡು ಸಾವಿರವಷ್ಟೇ ಎತ್ತುವ ಸಣ್ಣ ಪಂಪು ಕೊಟ್ಟೆ, ನೀರು ತೀರಿದರೆ ತಾನೇ ನಿಲ್ಲಿಸುವ ಪ್ಯಾನಲ್ ಜೊತೆಗೆ. ಪೈಪು ಎರಡಿಂಚಿನದು ಬೇಕಾಗಲೇ ಇಲ್ಲ. 40ರ ಎಚ್‌ಡಿಪಿಇ, ನಮ್ಮ ಮಾತಿನಲ್ಲಿ ಒಂದೂಕಾಲು ಇಂಚು, ಸಾಕಾಯಿತು.

ಗೌಡರು ಬಿಲ್ಲು ನೋಡಿ "ಎರಡಿಂಚಿಗೆ ಒಂದೂಕಾಲು ಇಂಚಾ?" ಅಂದರು. ಮಗ ಅಲ್ಲೇ ಕೌಂಟರಿನ ಮೇಲೆ, ಬಿಲ್ಲಿನ ಹಿಂದೆ, ಒಂದು ವಿ ಬರೆದು ಅಪ್ಪನಿಗೆ ತೋರಿಸುತ್ತಿದ್ದ. ಏಪ್ರಿಲ್ ಕೊನೆಗೆ ಅವನ ಫೋನ್ ಬಂತು. ಡ್ರಮ್ಮಿಗೆ ಈಗ ಆರು ನಿಮಿಷ ಹಿಡಿಯುತ್ತಿದೆ, ಗಾಳಿ ಬರುತ್ತಿಲ್ಲ ಅಂದ.